ಕಂಪನಿ ಅನ್ನೋದು ಯಾಕಿದೆ? ದೇವನಹಳ್ಳಿಯ ಐಫೋನ್ ಕೊಡೋ ಉತ್ತರ

ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ತಯಾರಾಗುತ್ತೆ, ಆದರೆ ಕಾರ್ಖಾನೆ ಆ್ಯಪಲ್‌ನದ್ದಲ್ಲ. ಯಾವ ಕೆಲಸ ಕಂಪನಿಯ ಒಳಗೆ, ಯಾವುದು ಹೊರಗೆ ಅಂತ ತೀರ್ಮಾನವಾಗೋದು ಹೇಗೆ?

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಹೇಳಿದ್ದು ಇಷ್ಟು: ಹೊರಗಿನವರಿಂದ ಮಾಡಿಸೋದಕ್ಕೆ ಬೆಲೆಯ ಜೊತೆ ಇನ್ನೊಂದು ಖರ್ಚೂ ಇದೆ. ಸರಿಯಾದವರನ್ನು ಹುಡುಕಬೇಕು, ಚೌಕಾಸಿ ಮಾಡಬೇಕು, ಕರಾರು ಬರೆಯಬೇಕು, ಅದನ್ನು ಪಾಲಿಸಿದರಾ ಅಂತ ನೋಡಬೇಕು. ಇದೇ ವಹಿವಾಟು ವೆಚ್ಚ. ಇದಕ್ಕಿಂತ ಸಂಬಳ ಕೊಟ್ಟು ಮಾಡಿಸೋದು ಅಗ್ಗವಾದಾಗ ಕಂಪನಿ ಹುಟ್ಟುತ್ತೆ. ಒಳಗಿನ ಮೇಲ್ವಿಚಾರಣೆಯೇ ದುಬಾರಿಯಾದಾಗ ಅದರ ಬೆಳವಣಿಗೆ ನಿಲ್ಲುತ್ತೆ.

ಆಲಿವರ್ ವಿಲಿಯಮ್ಸನ್ ಇದಕ್ಕೊಂದು ತೊಡಕು ಸೇರಿಸಿದರು. ಒಂದೇ ಮಾಡೆಲ್‌ಗೆ ಹೊಂದುವ ಉಪಕರಣಕ್ಕೆ ತಯಾರಕರು ದುಡ್ಡು ಸುರಿದರು ಅಂದುಕೊಳ್ಳಿ. ಆಮೇಲೆ ಗಿರಾಕಿ ‘ದರ ಇಳಿಸಿ’ ಅಂದರೆ ಬಗ್ಗಲೇಬೇಕು, ಯಾಕಂದ್ರೆ ಅದು ಬೇರೆಲ್ಲೂ ಉಪಯೋಗಕ್ಕೆ ಬರಲ್ಲ. ಈ ಭಯಕ್ಕೆ ಹೂಡಿಕೆಯೇ ನಿಂತುಹೋಗಬಹುದು. ಆ್ಯಪಲ್ ಹಿಡಿದಿರೋದು ನಡುವಿನ ದಾರಿ: ಇಂಥ ಉಪಕರಣಗಳಲ್ಲಿ ಹಲವನ್ನು ತಾನೇ ಕೊಂಡು ಗುತ್ತಿಗೆ ತಯಾರಕರ ಕಾರ್ಖಾನೆಗಳಲ್ಲಿ ಇಡುತ್ತೆ.

ಅಂದರೆ ಯಂತ್ರ ಕಂಪನಿಯ ಗೆರೆಯೊಳಗೆ, ಅದನ್ನು ನಡೆಸುವ ಕೈ ಹೊರಗೆ. ಸಂಬಳ, ಪಾಳಿಯ ತಕರಾರು ಎದ್ದಾಗ ಯಾರು ಉತ್ತರ ಹೇಳಬೇಕು ಅನ್ನೋದನ್ನೂ ಇದೇ ಗೆರೆ ನಿರ್ಧರಿಸುತ್ತೆ. ಹಾಗಾಗಿ ಮೊದಲು ನೋಡಬೇಕಾದ್ದು ಫೋನಿನ ಮೇಲಿನ ಹೆಸರನ್ನಲ್ಲ, ನೇಮಕಾತಿ ಪತ್ರದ ಮೇಲಿನ ಹೆಸರನ್ನು.