ಲಾಭ ಏರಿತು, ಷೇರು ಬಿತ್ತು: 2003ರ ಏಪ್ರಿಲ್ 10

ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಹೊರದೇಶದ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮಲ್ಲಿ ಅನೇಕರಿಗೆ ಸಂಬಳದ ಒಂದು ಪಾಲು ಷೇರುಗಳಲ್ಲೇ ಬರೋದರಿಂದ, ಈ ತಿಂಗಳುಗಳು ಬಂದರೆ ಸ್ವಲ್ಪ ಎದೆ ಡವಡವ. ಕಂಪನಿ ಒಳ್ಳೆಯ ಲಾಭ ತೋರಿಸುತ್ತೆ, ಮರುದಿನ ಷೇರು ಬೀಳುತ್ತೆ. ಇದೆಂಥಾ ನ್ಯಾಯ ಅಂತ ನಿಮಗೂ ಅನ್ನಿಸಿರಬಹುದು. ಇದನ್ನು ಅರ್ಥ ಮಾಡಿಕೊಳ್ಳೋಕೆ ಬೆಂಗಳೂರಿನದೇ ಒಂದು ದಿನ ಸಾಕು.

2003ರ ಏಪ್ರಿಲ್ 10ರಂದು ಇನ್ಫೋಸಿಸ್ ತನ್ನ ವಾರ್ಷಿಕ ಫಲಿತಾಂಶ ಪ್ರಕಟಿಸಿತು. ಆದಾಯ ಹಿಂದಿನ ವರ್ಷದ ಸುಮಾರು 2,604 ಕೋಟಿಯಿಂದ 3,623 ಕೋಟಿ ರೂಪಾಯಿಗೆ ಏರಿತ್ತು, ಅಂದರೆ 39% ಹೆಚ್ಚಳ. ಲಾಭವೂ ಸುಮಾರು 808 ಕೋಟಿಯಿಂದ 958 ಕೋಟಿಗೆ ಹೋಗಿತ್ತು. ಆದರೂ ನಾಲ್ಕು ಸಾವಿರ ರೂಪಾಯಿ ಮೀರಿದ್ದ ಷೇರು ಅದೊಂದೇ ದಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದು, ಮೂರು ಸಾವಿರದ ಹತ್ತಿರ ಬಂದು ನಿಂತಿತು.

ಕಾರಣ ಮುಗಿದ ವರ್ಷದ ಲೆಕ್ಕದಲ್ಲಿರಲಿಲ್ಲ. ಅದರ ಜೊತೆಗೇ ಕಂಪನಿ ಕೊಟ್ಟ ಮುಂದಿನ ವರ್ಷದ ಅಂದಾಜಿನಲ್ಲಿತ್ತು. ಇದಕ್ಕೆ ಪೇಟೆಯಲ್ಲಿ ಗೈಡೆನ್ಸ್ ಅಂತಾರೆ. ರೂಪಾಯಿ ಬಲವಾಗುತ್ತಿತ್ತು, ಅಮೆರಿಕದ ಗ್ರಾಹಕರು ದರ ಇಳಿಸಿ ಅಂತ ಒತ್ತಾಯಿಸುತ್ತಿದ್ದರು. ಹಾಗಾಗಿ ಆದಾಯ ಬೆಳೆದರೂ ಲಾಭ ಅಷ್ಟು ವೇಗವಾಗಿ ಬೆಳೆಯೋದಿಲ್ಲ ಅನ್ನೋದು ಆ ಅಂದಾಜಿನ ಸಾರ. ಇನ್ಫೋಸಿಸ್ ಕಡಿಮೆ ಹೇಳಿ ಹೆಚ್ಚು ಮಾಡಿ ತೋರಿಸುವ ಕಂಪನಿ ಅಂತ ಹೆಸರಾಗಿತ್ತು. ಪೇಟೆಗೂ ಅದು ಗೊತ್ತು, ಕಂಪನಿ ಹೇಳಿದ್ದಕ್ಕೆ ತಾನೇ ಸ್ವಲ್ಪ ಸೇರಿಸಿಕೊಳ್ಳುತ್ತಿತ್ತು. ಈ ಸಲ ಹಾಗೆ ಸೇರಿಸಿಕೊಂಡರೂ ನಿರೀಕ್ಷೆಯನ್ನು ಮುಟ್ಟಲಿಲ್ಲ.

ಆದರೂ ಕಾಲುಭಾಗ ಯಾಕೆ ಬೀಳಬೇಕು? ಒಂದು ಸಣ್ಣ ಲೆಕ್ಕ ಹಾಕೋಣ. ಆ ವರ್ಷ ಒಂದು ಷೇರಿನ ಪಾಲಿಗೆ ಬಂದ ಲಾಭ ಸುಮಾರು 145 ರೂಪಾಯಿ. ಮುಂದಿನ ವರ್ಷ ಇದು 25% ಬೆಳೆಯುತ್ತೆ ಅಂತ ಪೇಟೆ ನಂಬಿತ್ತು ಅಂದುಕೊಳ್ಳಿ (25 ಮತ್ತು ಮುಂದೆ ಬರುವ 12, ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಅಂಕಿಗಳು). ಆಗ 181 ರೂಪಾಯಿ ಲಾಭಕ್ಕೆ ಜನ 4,100 ರೂಪಾಯಿ ಕೊಡುತ್ತಿದ್ದರು, ಅಂದರೆ ಸುಮಾರು 22.6 ಪಟ್ಟು. ಈಗ ಬೆಳವಣಿಗೆ 12% ಮಾತ್ರ ಅಂತ ಗೊತ್ತಾಯಿತು ಅನ್ನಿ. ಲಾಭ 162 ರೂಪಾಯಿ ಆಗುತ್ತೆ. ಅದೇ 22.6 ಪಟ್ಟು ಕೊಟ್ಟರೂ ಬೆಲೆ ಸುಮಾರು 3,660ಕ್ಕೆ ಇಳಿಯುತ್ತೆ. ಇದು ಮೊದಲ ಏಟು.

ಎರಡನೇ ಏಟು ಇನ್ನೂ ಜೋರು. ನಿಧಾನವಾಗಿ ಬೆಳೆಯುವ ಕಂಪನಿಗೆ ಯಾರೂ 22.6 ಪಟ್ಟು ಕೊಡೋದಿಲ್ಲ. ಅದು 19ರ ಹತ್ತಿರ ಇಳಿದರೆ ಬೆಲೆ ಮೂರು ಸಾವಿರ ಚಿಲ್ಲರೆ. ನೋಡಿ, ಕುಸಿತದ ಅರ್ಧಕ್ಕಿಂತ ಹೆಚ್ಚು ಪಾಲು ಬಂದಿದ್ದು ಲಾಭದ ಅಂದಾಜು ಇಳಿದದ್ದರಿಂದಲ್ಲ, ಆ ಲಾಭಕ್ಕೆ ಜನ ಕಟ್ಟುವ ಬೆಲೆ ಇಳಿದದ್ದರಿಂದ. ದುಬಾರಿ ಷೇರುಗಳು ಸಣ್ಣ ನಿರಾಸೆಗೂ ದೊಡ್ಡದಾಗಿ ಬೀಳೋದು ಇದಕ್ಕೇ.

ಹಾಗಾದರೆ ಪ್ರಕಟವಾದ ಲಾಭಕ್ಕೆ ಬೆಲೆಯೇ ಇಲ್ವಾ? ಇದೆ, ಆದರೆ ಅದರ ಬಹುಪಾಲು ಮೊದಲೇ ಬೆಲೆಯಲ್ಲಿ ಸೇರಿರುತ್ತೆ. 1968ರಲ್ಲಿ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಎಂಬ ಸಂಶೋಧಕರು ತೋರಿಸಿದ್ದು ಇದನ್ನೇ: ವಾರ್ಷಿಕ ಲಾಭದ ಸುದ್ದಿಯಲ್ಲಿರುವ ಮಾಹಿತಿಯಲ್ಲಿ ಬಹುಪಾಲು, ಘೋಷಣೆಯ ತಿಂಗಳು ಬರುವ ಮುಂಚೆಯೇ ಷೇರಿನ ಬೆಲೆಗೆ ಇಳಿದುಬಿಟ್ಟಿರುತ್ತೆ. ಘೋಷಣೆಯ ದಿನಕ್ಕೆ ಉಳಿಯೋದು ಅಚ್ಚರಿ ಮಾತ್ರ.

ಈ ಅಚ್ಚರಿಯನ್ನು ಅಳೆಯೋದೂ ಸುಲಭವಲ್ಲ. ಪತ್ರಿಕೆಗಳಲ್ಲಿ ಬರುವ 'ನಿರೀಕ್ಷೆ' ವಿಶ್ಲೇಷಕರ ಅಂದಾಜುಗಳ ಸರಾಸರಿ. ಕಂಪನಿ ಪ್ರತಿ ಸಲವೂ ಅದನ್ನು ದಾಟುತ್ತಿದ್ದರೆ, ಕೊಳ್ಳುವವರ ಮನಸ್ಸಿನಲ್ಲಿರುವ ಅಂಕಿ ಅದಕ್ಕಿಂತ ಮೇಲಿರುತ್ತೆ. ಆ ಅಂಕಿ ಎಲ್ಲೂ ಅಚ್ಚಾಗೋದಿಲ್ಲ. ಅದರ ಸುಳಿವು ಬೇಕಿದ್ದರೆ ಫಲಿತಾಂಶಕ್ಕೆ ಮುಂಚಿನ ವಾರಗಳಲ್ಲಿ ಷೇರು ಎಷ್ಟು ಏರಿದೆ ನೋಡಿ. ಆಮೇಲೆ ಲಾಭದ ಸಾಲಿಗಿಂತ ಮೊದಲು ಮುಂದಿನ ಅಂದಾಜಿನ ಸಾಲು ಓದಿ.

ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಹಣಕಾಸು ವರ್ಷದಲ್ಲಿ ಇನ್ಫೋಸಿಸ್ ಲಾಭ ಸುಮಾರು 1,244 ಕೋಟಿಗೆ ಏರಿತು, ಅಂದರೆ ಹತ್ತಿರ ಹತ್ತಿರ 30% ಬೆಳವಣಿಗೆ. ಷೇರು 2003 ಮುಗಿಯುವ ಮುಂಚೆಯೇ ತನ್ನ ಹಳೆಯ ಬೆಲೆಯನ್ನು ದಾಟಿತ್ತು. ಹಾಗಂತ ಏಪ್ರಿಲ್ 10ರಂದು ಮಾರಿದವರೆಲ್ಲ ದಡ್ಡರು ಅನ್ನೋಕಾಗಲ್ಲ. ಅವರ ಕೈಯಲ್ಲಿದ್ದದ್ದು ಆ ದಿನದ ಮಾಹಿತಿ, ಅದೂ ಕಂಪನಿಯೇ ಕೊಟ್ಟದ್ದು.