ಜಿಎಸ್‌ಟಿ ನೋಂದಣಿ ರದ್ದತಿ ನೋಟಿಸು ಮತ್ತು ರದ್ದತಿಯ ಹಿಂತೆಗೆತ

ಸರಕು ಮತ್ತು ಸೇವಾ ತೆರಿಗೆಯಡಿ (ಜಿಎಸ್‌ಟಿ) ನೋಂದಾಯಿತರಾದ ವ್ಯಾಪಾರಿಗಳು ನಿಗದಿತ ಅವಧಿಯವರೆಗೆ ರಿಟರ್ನ್ ಸಲ್ಲಿಸದಿದ್ದರೆ ಅವರ ನೋಂದಣಿಯನ್ನು ರದ್ದುಪಡಿಸುವ ಅಧಿಕಾರ ತೆರಿಗೆ ಅಧಿಕಾರಿಗೆ ಇದೆ. ರದ್ದುಪಡಿಸುವ ಮೊದಲು ಕಾರಣ ಕೇಳುವ ನೋಟಿಸು ನೀಡಬೇಕು. ರದ್ದಾದ ಬಳಿಕ ನೋಂದಣಿಯನ್ನು ಮರಳಿ ಪಡೆಯಲು ವ್ಯಾಪಾರಿ ಸಲ್ಲಿಸುವ ಅರ್ಜಿಗೆ ರದ್ದತಿಯ ಹಿಂತೆಗೆತದ ಅರ್ಜಿ ಎನ್ನುತ್ತಾರೆ. 2017ರ ಅಧಿನಿಯಮದ 29 ಮತ್ತು 30ನೆಯ ಪ್ರಕರಣಗಳು ಹಾಗೂ ಜಿಎಸ್‌ಟಿ ನಿಯಮಗಳ 21ರಿಂದ 23ರವರೆಗಿನ ನಿಯಮಗಳು ಇದಕ್ಕೆ ಆಧಾರವಾಗಿವೆ.

## ನೋಟಿಸು ಬರುವ ಸಂದರ್ಭ

ಪ್ರತಿ ತಿಂಗಳು ರಿಟರ್ನ್ ಸಲ್ಲಿಸಬೇಕಾದವರು ಸತತ ಆರು ತಿಂಗಳು, ಮೂರು ತಿಂಗಳಿಗೊಮ್ಮೆ ಸಲ್ಲಿಸುವವರು ಸತತ ಎರಡು ತ್ರೈಮಾಸಿಕ ಸಲ್ಲಿಸದಿದ್ದರೆ ರದ್ದತಿಗೆ ಒಳಗಾಗುತ್ತಾರೆ. ರಾಜಿ ತೆರಿಗೆ, ಅಂದರೆ ಕಾಂಪೊಸಿಶನ್ ಪದ್ಧತಿಯ ವ್ಯಾಪಾರಿಗಳಿಗೆ, ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ ಮೂರು ತಿಂಗಳು ಕಳೆದರೆ ಇದು ಅನ್ವಯಿಸುತ್ತದೆ.

ವ್ಯಾಪಾರ ನಡೆಯದ ಅವಧಿಗೂ ಶೂನ್ಯ ರಿಟರ್ನ್ ಸಲ್ಲಿಸಲೇಬೇಕು. ವ್ಯಾಪಾರ ಋತುಮಾನಕ್ಕೆ ತಕ್ಕಂತೆ ಏರಿಳಿಯುವ ಊರುಗಳಲ್ಲಿ ಈ ಅಂಶ ಕಡೆಗಣನೆಗೆ ಒಳಗಾಗುವುದು ಸುಲಭ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಯ ಜಾತ್ರೆಗಳ ಕಾಲದಲ್ಲಿ ಮಾರಾಟ ಹೆಚ್ಚು. ಬೈಲಹೊಂಗಲದ ಹತ್ತಿ ವ್ಯಾಪಾರಕ್ಕೂ ತನ್ನದೇ ಹಂಗಾಮು ಇದೆ. ಮಾರಾಟವಿಲ್ಲದ ತಿಂಗಳುಗಳಲ್ಲಿ ತೆರಿಗೆ ಬಾಕಿ ಇರದಿದ್ದರೂ ರಿಟರ್ನ್ ಬಾಕಿ ಉಳಿಯುತ್ತದೆ.

## ನೋಟಿಸು ಮತ್ತು ಅಮಾನತು

ನೋಟಿಸು GST REG-17 ನಮೂನೆಯಲ್ಲಿರುತ್ತದೆ. ಅದು ಜಾರಿಯಾದ ದಿನದಿಂದ ಏಳು ಕೆಲಸದ ದಿನಗಳೊಳಗೆ ಉತ್ತರ ನೀಡಬೇಕು. ಈ ಅವಧಿಯಲ್ಲಿ ನೋಂದಣಿ ಸಾಮಾನ್ಯವಾಗಿ ಅಮಾನತಿನಲ್ಲಿರುತ್ತದೆ. ಆಗ ವ್ಯಾಪಾರಿ ತೆರಿಗೆ ಬಿಲ್ಲು ನೀಡುವಂತಿಲ್ಲ. ಸರಕು ಸಾಗಣೆಯ ಇ-ವೇ ಬಿಲ್ಲಿಗೂ ತಡೆ ಬೀಳುತ್ತದೆ.

ಅಧಿನಿಯಮದ 169ನೆಯ ಪ್ರಕರಣದ ಪ್ರಕಾರ ಇ-ಮೇಲ್ ಕಳುಹಿಸುವುದು ಅಥವಾ ಪೋರ್ಟಲ್‌ನಲ್ಲಿ ಲಭ್ಯವಾಗಿಸುವುದು ಸಹ ಜಾರಿಯೇ ಆಗುತ್ತದೆ. ನೋಂದಣಿಯಲ್ಲಿ ಲೆಕ್ಕಪತ್ರ ನೋಡುವವರ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ನಮೂದಾಗಿದ್ದರೆ ವ್ಯಾಪಾರಿಗೆ ತಿಳಿಯುವ ಮುನ್ನವೇ ಗಡುವು ಮುಗಿದಿರಬಹುದು. ಪೋರ್ಟಲ್‌ನ Services > User Services > View Notices and Orders ಪುಟದಲ್ಲಿ ನೋಟಿಸನ್ನೂ ಆದೇಶವನ್ನೂ ಕಾಣಬಹುದು.

## ಉತ್ತರ

ಉತ್ತರವನ್ನು GST REG-18 ನಮೂನೆಯಲ್ಲಿ ಸಲ್ಲಿಸಲಾಗುತ್ತದೆ. ಆದರೆ ರಿಟರ್ನ್ ಬಾಕಿಯೇ ಕಾರಣವಾಗಿರುವಾಗ ನಿರ್ಣಾಯಕವಾಗುವುದು ಉತ್ತರದ ಮಾತುಗಳಲ್ಲ, ಬಾಕಿ ರಿಟರ್ನ್‌ಗಳ ಸಲ್ಲಿಕೆ. ಉತ್ತರ ನೀಡುವ ಬದಲು ಎಲ್ಲ ಬಾಕಿ ರಿಟರ್ನ್ ಸಲ್ಲಿಸಿ ತೆರಿಗೆ, ಬಡ್ಡಿ ಮತ್ತು ವಿಳಂಬ ಶುಲ್ಕ ಪೂರ್ತಿ ಪಾವತಿಸಿದರೆ ಅಧಿಕಾರಿಯು GST REG-20 ಆದೇಶದ ಮೂಲಕ ನಡಾವಳಿಯನ್ನು ಕೈಬಿಡಬೇಕೆಂದು 22ನೆಯ ನಿಯಮ ಹೇಳುತ್ತದೆ. ನೋಂದಣಿ ಇನ್ನೂ ರದ್ದಾಗಿರದಿದ್ದರೆ, ಎಲ್ಲ ಬಾಕಿ ರಿಟರ್ನ್ ಸಲ್ಲಿಕೆಯಾದಾಗ ಅಮಾನತು ತೆರವಾಯಿತೆಂದೇ ಪರಿಗಣಿಸಲಾಗುತ್ತದೆ. ಸಲ್ಲಿಕೆಯ ನಂತರವೂ ಸ್ಥಿತಿ ಬದಲಾಗದಿದ್ದರೆ ಅದೇ ನೋಟಿಸುಗಳ ಪುಟದಲ್ಲಿರುವ Initiate Drop Proceedings ಗುಂಡಿಯನ್ನು ಬಳಸಬಹುದು.

ಅನಾರೋಗ್ಯ, ಮರಣ, ಅಂಗಡಿ ಮುಚ್ಚಿದ್ದು ಮೊದಲಾದ ಕಾರಣಗಳಿದ್ದರೆ, ಅಥವಾ ರಿಟರ್ನ್ ಸಲ್ಲಿಸಿದ್ದರೂ ತಪ್ಪಾಗಿ ನೋಟಿಸು ಬಂದಿದ್ದರೆ, ಬರಹದ ಉತ್ತರ ಅಗತ್ಯವಾಗುತ್ತದೆ. ಅದರಲ್ಲಿ ಯಾವ ಅವಧಿಯ ರಿಟರ್ನ್ ಯಾವ ದಿನ ಸಲ್ಲಿಕೆಯಾಗಿದೆ ಎಂಬುದನ್ನೂ ಸ್ವೀಕೃತಿ ಸಂಖ್ಯೆಯನ್ನೂ ನೀಡಿ ದಾಖಲೆ ಲಗತ್ತಿಸಲಾಗುತ್ತದೆ.

## ಬಾಕಿಯ ಲೆಕ್ಕ: ಒಂದು ಕಾಲ್ಪನಿಕ ಉದಾಹರಣೆ

ಸವದತ್ತಿಯ ಪಾತ್ರೆ ಅಂಗಡಿಯೊಂದು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುತ್ತದೆ, ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿಗಿಂತ ಕಡಿಮೆ ಎಂದಿಟ್ಟುಕೊಳ್ಳಬಹುದು. ಏಪ್ರಿಲ್–ಜೂನ್‌ನಲ್ಲಿ ಮಾರಾಟವೂ ಇಲ್ಲ, ಖರೀದಿಯೂ ಇಲ್ಲ. ಜುಲೈ–ಸೆಪ್ಟೆಂಬರ್‌ನಲ್ಲಿ ನಗದಾಗಿ ಕಟ್ಟಬೇಕಾದ ತೆರಿಗೆ 6,000 ರೂಪಾಯಿ. ಎರಡೂ ಅವಧಿಯ GSTR-3B ಬಾಕಿ ಉಳಿದು ಡಿಸೆಂಬರ್ 10ರಂದು ನೋಟಿಸು ಜಾರಿಯಾಗುತ್ತದೆ. ವ್ಯಾಪಾರಿಯು ಡಿಸೆಂಬರ್ 16ರಂದು ಎರಡನ್ನೂ ಸಲ್ಲಿಸುತ್ತಾನೆ.

ಕರ್ನಾಟಕದಲ್ಲಿ ತ್ರೈಮಾಸಿಕ ರಿಟರ್ನ್‌ನ ಕೊನೆಯ ದಿನ ಮುಂದಿನ ತಿಂಗಳ 22. ಅದರಂತೆ ಮೊದಲ ರಿಟರ್ನ್ 147 ದಿನ ತಡವಾಗಿದೆ. ಶೂನ್ಯ ರಿಟರ್ನ್‌ಗೆ ದಿನಕ್ಕೆ 20 ರೂಪಾಯಿಯಂತೆ 2,940 ಆಗುತ್ತದಾದರೂ ಗರಿಷ್ಠ ಮಿತಿ 500 ರೂಪಾಯಿ. ಎರಡನೆಯದು 55 ದಿನ ತಡವಾಗಿದೆ. ದಿನಕ್ಕೆ 50 ರೂಪಾಯಿಯಂತೆ 2,750 ಆಗುತ್ತದೆ. ಈ ವಹಿವಾಟಿನವರಿಗೆ ಮಿತಿ 2,000. ವಾರ್ಷಿಕ ಶೇಕಡಾ 18ರ ದರದಲ್ಲಿ 6,000 ರೂಪಾಯಿಗೆ 55 ದಿನದ ಬಡ್ಡಿ ಸುಮಾರು 163 ರೂಪಾಯಿ. ಒಟ್ಟು ಹೊಣೆ 8,663 ರೂಪಾಯಿ.

ಒಂದು ರಿಟರ್ನ್‌ನ ವಿಳಂಬ ಶುಲ್ಕವನ್ನು ಪೋರ್ಟಲ್ ಅದರ ಮುಂದಿನ ರಿಟರ್ನ್‌ನಲ್ಲಿ ತೋರಿಸುತ್ತದೆ. ಆದ್ದರಿಂದ ಇಲ್ಲಿನ 2,000 ರೂಪಾಯಿ ಅಕ್ಟೋಬರ್–ಡಿಸೆಂಬರ್ ರಿಟರ್ನ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರತಿ ಅವಧಿಯ GSTR-1 ಸಲ್ಲಿಸಿದ ನಂತರವಷ್ಟೇ ಆ ಅವಧಿಯ GSTR-3B ಸಲ್ಲಿಸಲು ಸಾಧ್ಯ.

## ರದ್ದತಿಯ ಹಿಂತೆಗೆತ

ಉತ್ತರವೂ ರಿಟರ್ನ್ ಸಲ್ಲಿಕೆಯೂ ಆಗದಿದ್ದರೆ ಅಧಿಕಾರಿಯು GST REG-19 ನಮೂನೆಯಲ್ಲಿ ರದ್ದತಿಯ ಆದೇಶ ನೀಡುತ್ತಾನೆ. ಆದೇಶ ಜಾರಿಯಾದ ದಿನದಿಂದ 90 ದಿನಗಳೊಳಗೆ GST REG-21 ನಮೂನೆಯಲ್ಲಿ ಹಿಂತೆಗೆತಕ್ಕೆ ಅರ್ಜಿ ಸಲ್ಲಿಸಬಹುದು. 2023ರ ಅಕ್ಟೋಬರ್ 1ಕ್ಕೆ ಮೊದಲು ಮೂಲ ಗಡುವು 30 ದಿನಗಳಾಗಿತ್ತು. ಸಾಕಷ್ಟು ಕಾರಣ ತೋರಿಸಿದರೆ ಆಯುಕ್ತರು ಅಥವಾ ಅವರಿಂದ ಅಧಿಕಾರ ಪಡೆದ ಹಿರಿಯ ಅಧಿಕಾರಿಯು ಮತ್ತೆ ಗರಿಷ್ಠ 180 ದಿನಗಳವರೆಗೆ ಗಡುವನ್ನು ವಿಸ್ತರಿಸಬಹುದು.

ಅರ್ಜಿಗೆ ಮೊದಲು ರದ್ದತಿಯ ದಿನದವರೆಗಿನ ರಿಟರ್ನ್‌ಗಳನ್ನು ಸಲ್ಲಿಸಿ ಬಾಕಿ ತೀರಿಸಿರಬೇಕು. ಅರ್ಜಿ ಒಪ್ಪಿಗೆಯಾದರೆ 30 ದಿನಗಳೊಳಗೆ GST REG-22 ಆದೇಶ ಬರುತ್ತದೆ. ರದ್ದತಿಯಿಂದ ಹಿಂತೆಗೆತದವರೆಗಿನ ರಿಟರ್ನ್‌ಗಳನ್ನು ಆದೇಶದ ನಂತರ 30 ದಿನಗಳೊಳಗೆ ಸಲ್ಲಿಸಬೇಕು. ಅಧಿಕಾರಿಗೆ ತೃಪ್ತಿಯಾಗದಿದ್ದರೆ GST REG-23 ನೋಟಿಸು ನೀಡುತ್ತಾನೆ. ಅದಕ್ಕೆ ಏಳು ಕೆಲಸದ ದಿನಗಳೊಳಗೆ GST REG-24ರಲ್ಲಿ ಉತ್ತರಿಸಬೇಕು. ಈ ನೋಟಿಸಿಲ್ಲದೆ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ.

## ಗಡುವು ಮೀರಿದಾಗ

ಆದೇಶ ತಿಳಿದ ಮೂರು ತಿಂಗಳೊಳಗೆ 107ನೆಯ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದು. ಇನ್ನೊಂದು ತಿಂಗಳ ವಿಳಂಬವನ್ನಷ್ಟೇ ಮೇಲ್ಮನವಿ ಪ್ರಾಧಿಕಾರ ಮನ್ನಿಸಬಲ್ಲದು. ಆ ನಂತರ ಉಳಿಯುವುದು ಉಚ್ಚ ನ್ಯಾಯಾಲಯದ ರಿಟ್ ಅರ್ಜಿ. ಬೆಳಗಾವಿ ಜಿಲ್ಲೆಯ ಈ ತಾಲೂಕುಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ವ್ಯಾಪ್ತಿಗೆ ಸೇರುತ್ತವೆ. ಮದ್ರಾಸ್ ಉಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ ಸುಗುಣಾ ಕಟ್‌ಪೀಸ್ ಸೆಂಟರ್ ಪ್ರಕರಣದಲ್ಲಿ, ಬಾಕಿ ರಿಟರ್ನ್ ಮತ್ತು ತೆರಿಗೆಯ ಸಲ್ಲಿಕೆಯ ಷರತ್ತಿನ ಮೇಲೆ ಗಡುವು ಮೀರಿದವರ ನೋಂದಣಿಯನ್ನೂ ಮರಳಿ ನೀಡಲು ಆದೇಶಿಸಿತು. 2022ರ ಡಿಸೆಂಬರ್ 31ರೊಳಗೆ ರದ್ದಾದ ನೋಂದಣಿಗಳಿಗೆ ಸರ್ಕಾರವೇ 2023ರ ಆಗಸ್ಟ್ 31ರವರೆಗೆ ವಿಶೇಷ ಅವಕಾಶ ನೀಡಿತ್ತು.

## ರದ್ದತಿಯ ಪರಿಣಾಮ

ರದ್ದತಿಯಿಂದ ಹಳೆಯ ಹೊಣೆ ತೀರುವುದಿಲ್ಲ. ಮೂರು ತಿಂಗಳೊಳಗೆ ಅಂತಿಮ ರಿಟರ್ನ್ GSTR-10 ಸಲ್ಲಿಸಬೇಕು, ಉಳಿದ ದಾಸ್ತಾನಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೆ ಸಮನಾದ ಮೊತ್ತ ಕಟ್ಟಬೇಕಾಗುತ್ತದೆ. ಹಿಂದಿನ ದಿನಾಂಕದಿಂದ ರದ್ದಾದರೆ ಆ ವ್ಯಾಪಾರಿಯಿಂದ ಕೊಂಡವರ ಕ್ರೆಡಿಟ್ ಕೂಡ ಪ್ರಶ್ನೆಗೆ ಒಳಗಾಗಬಹುದು. ಹಳೆಯದನ್ನು ಬಿಟ್ಟು ಹೊಸ ನೋಂದಣಿ ಪಡೆಯುವ ಪ್ರಯತ್ನವನ್ನು ಅಧಿಕಾರಿಗಳು ಪರಿಶೀಲಿಸಬೇಕೆಂದು 2019ರ ಮಾರ್ಚ್ 28ರ ಸುತ್ತೋಲೆ ಸೂಚಿಸುತ್ತದೆ. ಹಿಂತೆಗೆತಕ್ಕೆ ಅರ್ಜಿ ಹಾಕದಿರುವುದು ಹೊಸ ಅರ್ಜಿಯ ತಿರಸ್ಕಾರಕ್ಕೆ ಕಾರಣವಾಗಬಹುದು.

ರಾಜ್ಯದೊಳಗೆ ಸರಕನ್ನು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿ ಕಡ್ಡಾಯವಾಗುವ ವಹಿವಾಟಿನ ಮಿತಿ ಸಾಮಾನ್ಯವಾಗಿ 40 ಲಕ್ಷ ರೂಪಾಯಿ. ಕುಂಕುಮ, ಸಾದಾ ಗಾಜಿನ ಬಳೆಗಳಂತಹ ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಕಿಲ್ಲ. ಅಂಥವರು ಹಿಂತೆಗೆತ ಕೋರದೆ ಇರಬಹುದು; ಆದರೆ ಹಿಂದಿನ ಅವಧಿಯ ರಿಟರ್ನ್, ಬಾಕಿ ಮತ್ತು ಅಂತಿಮ ರಿಟರ್ನ್‌ನ ಹೊಣೆ ಅವರಿಗೂ ಇರುತ್ತದೆ.