ಗಡುವಿನ ಮೂಲ: ಅನುದಾನದ ಮಂಜೂರಾತಿ ಪತ್ರದಿಂದ ಸಣ್ಣ ಟ್ರಸ್ಟ್‌ನ ತಃಖ್ತೆಗೆ

ಅನುದಾನದ ಮಂಜೂರಾತಿ ಪತ್ರದಲ್ಲಿ ಹಣ ಬಳಕೆಯ ಗಡುವು ಸಾಮಾನ್ಯವಾಗಿ ದಿನಾಂಕದ ರೂಪದಲ್ಲಿ ಇರುವುದಿಲ್ಲ. ‘ಮೊದಲ ಕಂತು ಬಿಡುಗಡೆಯಾದ ದಿನದಿಂದ 12 ತಿಂಗಳೊಳಗೆ’, ‘ಆರ್ಥಿಕ ವರ್ಷದ ಅಂತ್ಯದೊಳಗೆ’, ‘ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಸಲ್ಲಿಸಿದ ನಂತರ’ ಎಂಬಂಥ ಮಾತುಗಳಿರುತ್ತವೆ. ಅಂದರೆ ಪತ್ರ ಹೇಳುವುದು ಒಂದು ಘಟನೆಗೂ ಒಂದು ಅವಧಿಗೂ ಇರುವ ಸಂಬಂಧವನ್ನು ಮಾತ್ರ. ದಿನಾಂಕವನ್ನು ಲೆಕ್ಕಿಗರೇ ಕಟ್ಟಿಕೊಳ್ಳಬೇಕು. ಸಣ್ಣ ಟ್ರಸ್ಟ್‌ಗಳ ತಃಖ್ತೆಗಳಲ್ಲಿ ಮಾತ್ರ ‘ಕೊನೆಯ ದಿನಾಂಕ’ ಎಂಬ ಒಂದೇ ಕಾಲಂ ಇರುತ್ತದೆ. ಅಲ್ಲಿ ತುಂಬಿದ ದಿನ ಯಾವ ಘಟನೆಯಿಂದ ಎಣಿಸಿದ್ದು, ಅದನ್ನು ವಿಧಿಸಿದವರು ಯಾರು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ತಃಖ್ತೆಯಲ್ಲಿ ಮೊದಲು ಬರೆಯಬೇಕಾದದ್ದು ಗಡುವಿನ ಮೂಲ, ದಿನಾಂಕ ಅದರಿಂದ ಹುಟ್ಟಬೇಕು ಎಂಬುದು ಈ ಲೇಖನದ ವಾದ.

ಒಂದು ಕಲ್ಪಿತ ಪ್ರಕರಣವನ್ನು ಹತ್ತಿರದಿಂದ ನೋಡೋಣ. ಹಳ್ಳಿಯೊಂದರಲ್ಲಿ ಗ್ರಂಥಾಲಯ ನಡೆಸುವ ಟ್ರಸ್ಟ್‌ಗೆ ಕೇಂದ್ರ ಸಚಿವಾಲಯವೊಂದು ತಲಾ 4 ಲಕ್ಷದ ಎರಡು ಕಂತುಗಳಲ್ಲಿ 8 ಲಕ್ಷ ರೂಪಾಯಿಯ ಅನಾವರ್ತಕ ಅನುದಾನ ಮಂಜೂರು ಮಾಡಿದೆ ಎನ್ನೋಣ. ಮಂಜೂರಾತಿ ಆದೇಶದ ದಿನಾಂಕ 18 ಡಿಸೆಂಬರ್ 2023. ಮೊದಲ ಕಂತಿನ ಬಿಡುಗಡೆ ಆದೇಶವಾದದ್ದು 30 ಜನವರಿ 2024ರಂದು, ಹಣ ಬ್ಯಾಂಕಿಗೆ ಜಮೆಯಾದದ್ದು 6 ಫೆಬ್ರವರಿಯಂದು. ಷರತ್ತಿನಲ್ಲಿರುವುದು ‘ಬಿಡುಗಡೆಯಾದ ದಿನದಿಂದ 12 ತಿಂಗಳು’. ಪತ್ರದ ನೆತ್ತಿಯ ಮೇಲೆ ಎದ್ದು ಕಾಣುವ ದಿನಾಂಕ ಒಂದೇ ಆದ್ದರಿಂದ ಅವಸರದಲ್ಲಿ ತುಂಬಿದ ತಃಖ್ತೆಯಲ್ಲಿ 17 ಡಿಸೆಂಬರ್ 2024 ಸೇರಿಕೊಳ್ಳುತ್ತದೆ. ಪಾಸ್‌ಬುಕ್ ನೋಡಿ ತುಂಬಿದರೆ 5 ಫೆಬ್ರವರಿ 2025 ಬರುತ್ತದೆ, ಬಿಡುಗಡೆ ಆದೇಶ ನೋಡಿದರೆ 29 ಜನವರಿ 2025. ಈಗ ಪುಸ್ತಕದ ಕಪಾಟುಗಳ 60,000 ರೂಪಾಯಿ ಬಿಲ್ಲನ್ನು 2 ಫೆಬ್ರವರಿ 2025ರಂದು ಪಾವತಿಸಿದ್ದರೆ ಆ ಖರ್ಚು ಗಡುವಿನ ಒಳಗೋ ಹೊರಗೋ? ಜಮೆಯ ದಿನದಿಂದ ಎಣಿಸಿದರೆ ಒಳಗೆ, ಬಿಡುಗಡೆ ಆದೇಶದಿಂದ ಎಣಿಸಿದರೆ ಹೊರಗೆ. ಪತ್ರದ ಮಾತಿಗೆ ಹೆಚ್ಚು ಹತ್ತಿರವಾದದ್ದು ಎರಡನೆಯದು. ಅನುದಾನ ಕೊಟ್ಟವರಿಂದ ಲಿಖಿತ ಸ್ಪಷ್ಟೀಕರಣ ಬರುವವರೆಗೆ 29 ಜನವರಿಯನ್ನೇ ಇಟ್ಟುಕೊಳ್ಳುವುದು ಕ್ಷೇಮ. (‘ದಿನದಿಂದ’ ಎಂದಾಗ ಆ ದಿನವನ್ನು ಬಿಟ್ಟು ಎಣಿಸುವುದು 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ ಕ್ರಮ. ಆದರೆ ಅದು ಕಾಯಿದೆಗಳನ್ನು ಓದುವುದಕ್ಕೆ ಇರುವ ಸೂತ್ರ, ಮಂಜೂರಾತಿ ಪತ್ರಕ್ಕೆ ತಾನಾಗಿ ಅನ್ವಯಿಸುತ್ತದೆಂದು ನಂಬುವಂತಿಲ್ಲ. ಒಂದು ದಿನ ಮುಂಚೆಯೇ ಗಡುವು ಇಟ್ಟುಕೊಂಡರೆ ನಷ್ಟವೇನೂ ಇಲ್ಲ.)

ಇದೇ ಹಣಕ್ಕೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನಾವರ್ತಕ ಅನುದಾನದ ಬಳಕೆ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ 12-ಎ ನಮೂನೆಯಲ್ಲಿ ಸಲ್ಲಿಸಬೇಕು. ನಮ್ಮ ಪ್ರಕರಣದಲ್ಲಿ ಹಣ 2023-24ರಲ್ಲಿ ಬಂದದ್ದರಿಂದ ಆ ಗಡುವು 31 ಮಾರ್ಚ್ 2025. ಖರ್ಚು ಮಾಡುವ ಗಡುವೂ ಲೆಕ್ಕ ಒಪ್ಪಿಸುವ ಗಡುವೂ ಬೇರೆ ಬೇರೆ. ಒಂದೇ ಕಾಲಂನಲ್ಲಿ ಇವೆರಡನ್ನೂ ಬೆರೆಸಿದ ಟ್ರಸ್ಟ್ ಮಾರ್ಚ್‌ವರೆಗೂ ಖರ್ಚು ಮಾಡಬಹುದೆಂದು ಭಾವಿಸಿಬಿಡುತ್ತದೆ. ಎರಡನೆಯ ಕಂತು ಬೇಕಿದ್ದರೆ ಮೊದಲ ಕಂತಿನ ಯುಸಿ ಅದಕ್ಕೂ ಮುಂಚೆಯೇ ಹೋಗಬೇಕಾದೀತು. ಆ ದಿನ ಪತ್ರದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ, ಟ್ರಸ್ಟ್‌ಗೆ ಹಣ ಯಾವಾಗ ಬೇಕು ಎಂಬುದರಿಂದ ಹಿಂದಕ್ಕೆ ಎಣಿಸಿ ತಿಳಿಯಬೇಕು.

ಆದ್ದರಿಂದ ತಃಖ್ತೆಯ ಒಂದು ಸಾಲು ಒಂದು ಪತ್ರಕ್ಕಲ್ಲ, ಒಂದು ಷರತ್ತಿಗೆ ಮೀಸಲಾಗಬೇಕು. ಪತ್ರದ ವಾಕ್ಯ ಇದ್ದಂತೆಯೇ, ಅದರ ಪುಟ, ಎಣಿಕೆ ಶುರುವಾಗುವ ಘಟನೆ, ಆ ಘಟನೆ ನಡೆದ ದಿನ, ಅವಧಿ, ಷರತ್ತನ್ನು ವಿಧಿಸಿದ ಮೂಲ ಇವಿಷ್ಟನ್ನು ಕೈಯಿಂದ ತುಂಬಬೇಕು. ಗಡುವಿನ ದಿನಾಂಕವನ್ನು ಸೂತ್ರಕ್ಕೆ ಬಿಡಬೇಕು. ಘಟನೆಯ ದಿನ F ಕಾಲಂನಲ್ಲೂ ತಿಂಗಳುಗಳು G ಕಾಲಂನಲ್ಲೂ ಇದ್ದರೆ ಇಷ್ಟು ಸಾಕು:

```
=IF(F2="","ಘಟನೆ ಬಾಕಿ",EDATE(F2,G2)-1)
```

ಹಣ ಇನ್ನೂ ಬಿಡುಗಡೆಯಾಗದಿದ್ದರೆ ದಿನಾಂಕದ ಬದಲು ‘ಘಟನೆ ಬಾಕಿ’ ಎಂದು ಕಾಣುತ್ತದೆ. ಊಹೆಯ ದಿನಾಂಕಕ್ಕಿಂತ ಇದು ಲೇಸು. ಬಿಡುಗಡೆ ತಡವಾದರೆ F ಕಾಲಂ ಒಂದನ್ನು ತಿದ್ದಿದರೆ ಸಾಕು.

ಮೂಲದ ಕಾಲಂ ಯಾಕೆ ಬೇಕು ಎಂಬುದು ಗಡುವು ವಿಸ್ತರಣೆ ಕೇಳುವಾಗ ತಿಳಿಯುತ್ತದೆ. ಅನುದಾನ ಕೊಟ್ಟವರು ತಾವೇ ಹಾಕಿದ ಗಡುವನ್ನು ತಾವೇ ಮುಂದೂಡಬಹುದು, ಕಾನೂನಿನಿಂದ ಬಂದದ್ದನ್ನು ಮುಂದೂಡಲಾರರು. ಕಂಪನಿಗಳ ಸಿಎಸ್‌ಆರ್ ಹಣ ಇದಕ್ಕೆ ಒಳ್ಳೆಯ ನಿದರ್ಶನ. ಟ್ರಸ್ಟ್‌ಗೆ ಹಣ ವರ್ಗಾಯಿಸಿದ ಮಾತ್ರಕ್ಕೆ ಅದು ಖರ್ಚಾದಂತಲ್ಲ, ಟ್ರಸ್ಟ್ ಅದನ್ನು ಬಳಸಿರಬೇಕು ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿದೆ. ಕಂಪನಿ ಕಡ್ಡಾಯವಾಗಿ ಮಾಡಬೇಕಾದ ವೆಚ್ಚದಲ್ಲಿ ಮಾರ್ಚ್ 31ಕ್ಕೆ ಉಳಿದ ಹಣ, ಯೋಜನೆ ‘ಮುಂದುವರಿಯುವ ಯೋಜನೆ’ ಆಗಿದ್ದರೆ 30 ದಿನದೊಳಗೆ ಕಂಪನಿಯ ಪ್ರತ್ಯೇಕ ಖಾತೆಗೆ ಹೋಗಬೇಕು. ಅಲ್ಲದಿದ್ದರೆ ಆರು ತಿಂಗಳೊಳಗೆ ಕಂಪನಿ ಕಾಯಿದೆಯ ಏಳನೇ ಅನುಸೂಚಿಯ ನಿಧಿಗೆ ಸೇರಬೇಕು. ಹಾಗಾಗಿ ಏಪ್ರಿಲ್‌ನಲ್ಲಿ ವಿಸ್ತರಣೆಯ ಮನವಿ ಹಿಡಿದು ಹೋದರೆ ಕಂಪನಿಯ ಅಧಿಕಾರಿಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಯೋಜನೆ ಮುಂದುವರಿಯುವುದೋ ಅಲ್ಲವೋ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ ದಾಖಲಿಸಬೇಕು.

ಮೂರೋ ನಾಲ್ಕೋ ಅನುದಾನವಿರುವ ಟ್ರಸ್ಟ್‌ಗೆ ಇಷ್ಟೆಲ್ಲ ಯಾಕೆ, ಗೋಡೆಯ ಕ್ಯಾಲೆಂಡರ್ ಸಾಲದೇ ಎಂಬ ಆಕ್ಷೇಪ ಸಹಜವೇ. ಕ್ಯಾಲೆಂಡರ್ ದಿನಾಂಕವನ್ನು ನೆನಪಿಸುತ್ತದೆ, ಅದು ತಪ್ಪಿದೆಯೇ ಎಂದು ಹೇಳುವುದಿಲ್ಲ. ಲೆಕ್ಕಿಗರು ಬದಲಾದರಂತೂ ಕೆಂಪು ಶಾಯಿಯ ಸುತ್ತು ಯಾವ ಪತ್ರದಿಂದ ಬಂತೆಂದು ಹೇಳುವವರೇ ಇರುವುದಿಲ್ಲ. ಪತ್ರಗಳನ್ನು ಕಂಪ್ಯೂಟರಿನಲ್ಲಿ ಹುಡುಕಿದರೆ ಷರತ್ತುಗಳು ಸಿಗುತ್ತವಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಸ್ಕ್ಯಾನ್ ಮಾಡಿದ ಪುಟ ಬರಿಯ ಚಿತ್ರ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಟೈಪಾದ ಕನ್ನಡ ಪತ್ರದಲ್ಲಿ ‘ಷರತ್ತು’ ಎಂದು ಹುಡುಕಿದರೆ ಏನೂ ಸಿಗದು. ಅದಕ್ಕಿಂತ ದೊಡ್ಡ ತೊಡಕೆಂದರೆ ಷರತ್ತು ಆ ಪತ್ರದೊಳಗೇ ಇಲ್ಲದಿರುವುದು. ಕರ್ನಾಟಕ ಸರ್ಕಾರದ ನಡವಳಿಗಳಲ್ಲಿ ‘ಓದಲಾಗಿದೆ’ ಎಂಬುದರ ಕೆಳಗೆ ಹಿಂದಿನ ಆದೇಶಗಳ ಸಂಖ್ಯೆಗಳಿರುತ್ತವೆ. ಆದೇಶ ಭಾಗದಲ್ಲಿ ‘ಮಾರ್ಗಸೂಚಿಯಲ್ಲಿನ ಷರತ್ತುಗಳಿಗೊಳಪಟ್ಟು’ ಎಂದಷ್ಟೇ ಇದ್ದರೆ ಆ ಮಾರ್ಗಸೂಚಿಯನ್ನು ತರಿಸಿಕೊಂಡು ಓದದೆ ತಃಖ್ತೆ ಪೂರ್ತಿಯಾಗದು. ‘ಪ್ರಸ್ತಾವನೆ’ಯ ಮೊತ್ತವನ್ನು ನೋಡುವಾಗಲೂ ಎಚ್ಚರ ಬೇಕು. ಎಷ್ಟೋ ಸಲ ಅದು ಕೇಳಿದ ಮೊತ್ತ, ಮಂಜೂರಾದದ್ದು ಆದೇಶದ ಪ್ಯಾರಾದಲ್ಲಿರುತ್ತದೆ.

ಲೆಕ್ಕಿಗರು ವಕೀಲರಲ್ಲ, ಅರ್ಥ ಬಿಡಿಸುವುದು ಅವರ ಕೆಲಸವಲ್ಲ ಎಂಬ ಮಾತನ್ನು ಅರ್ಧ ಮಾತ್ರ ಒಪ್ಪಬಹುದು. ಅನುಮಾನ ಬಂದಲ್ಲಿ ನಿರ್ಧರಿಸುವುದು ಅವರ ಕೆಲಸವಲ್ಲ, ಅನುಮಾನವನ್ನು ಸಾಲಿನಲ್ಲೇ ಬರೆದು ಕೇಳುವುದು ಖಂಡಿತ ಅವರದು. ಉತ್ತರ ಫೋನಿನಲ್ಲಿ ಬಂದರೆ ಸಾಲದು, ಇಮೇಲ್ ಬೇಕು, ಅದರ ದಿನಾಂಕ ಅದೇ ಸಾಲಿಗೆ ಸೇರಬೇಕು.

ಗಡುವೇ ಇಲ್ಲದ ಷರತ್ತುಗಳೂ ಇವೆ. ಸರ್ಕಾರದ ಅನುದಾನದಿಂದ ಕೊಂಡ ಆಸ್ತಿಯನ್ನು ಮಂಜೂರು ಮಾಡಿದವರ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂಬುದು ಅಂಥದೊಂದು. ಯುಸಿ ಒಪ್ಪಿತವಾದರೂ, ಯೋಜನೆಯ ಕಡತ ಮುಚ್ಚಿದರೂ ಆ ಸಾಲು ಮುಗಿಯುವುದಿಲ್ಲ. ಅದರ ಎದುರು ಯಾರಾದರೂ ಕೊನೆಯ ದಿನಾಂಕ ತುಂಬಿದ್ದರೆ ಆ ದಿನಾಂಕ ತಪ್ಪು.